ಮಲೆನಾಡಿನ ಮಳೆಗಾಲದಲ್ಲಿ ಗೋಡಂಬಿ, ಬಾದಾಮಿ ಹುರಿಯುವ ಕ್ರಮ: ಬಾಣಲೆಗೆ ಯಾವುದು, ಓವನ್‌ಗೆ ಯಾವುದು

ಪುನರ್ವಸು ಮಳೆ ಹಿಡಿದ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಡಬ್ಬಿಯಿಂದ ತೆಗೆದ ಗೋಡಂಬಿ ಹಲ್ಲಿಗೆ ಸಿಕ್ಕರೆ ಮುರಿಯುವುದಿಲ್ಲ, ಬಾಗುತ್ತದೆ. ಬಾದಾಮಿಯನ್ನು ಅಗಿದರೆ ಹಸಿ ಕೊಬ್ಬರಿಯಂತೆ ಮೆತ್ತಗಿರುತ್ತದೆ. ಅದನ್ನು ಸರಿಪಡಿಸಲು ಬಾಣಲೆಗೆ ಹಾಕಿ ದೊಡ್ಡ ಉರಿಯಲ್ಲಿ ಐದು ನಿಮಿಷ ತಿರುವಿದರೆ ಮೇಲೆ ಬಣ್ಣ ಬರುತ್ತದೆ, ಘಮವೂ ಬರುತ್ತದೆ. ಆದರೆ ಮಾರನೆಯ ದಿನ ನೋಡಿದರೆ ಮತ್ತೆ ಅದೇ ಮೆತ್ತಗಿನ ಕಾಳು. ಹುರಿಯುವುದೆಂದರೆ ಬಣ್ಣ ತರಿಸುವುದು ಎಂದುಕೊಂಡದ್ದೇ ಇದಕ್ಕೆ ಕಾರಣ. ಗರಿಗರಿತನ ಬಣ್ಣದಿಂದ ಬರುವುದಿಲ್ಲ. ಕಾಳಿನ ನಡುಭಾಗದ ತೇವ ಹೊರಬಿದ್ದು, ಆಮೇಲೆ ಕಾಳು ಪೂರ್ತಿ ಆರಿದಾಗ ಬರುತ್ತದೆ. ಬಣ್ಣ ಮೇಲ್ಮೈಯಲ್ಲಿ ಬೇಗ ಬರುತ್ತದೆ, ತೇವ ಒಳಗಿನಿಂದ ನಿಧಾನವಾಗಿ ಹೊರಡುತ್ತದೆ. ಇವೆರಡೂ ಒಂದೇ ಹೊತ್ತಿಗೆ ಮುಗಿಯಬೇಕಾದರೆ ಕಾವು ಕಡಿಮೆ ಇರಬೇಕು, ಹೊತ್ತು ಹೆಚ್ಚು ಕೊಡಬೇಕು.

ಓವನ್ ಮೇಲೋ ಬಾಣಲೆ ಮೇಲೋ ಎಂಬ ಪ್ರಶ್ನೆಗೆ ಎರಡೂ ಕಾಳುಗಳಿಗೆ ಒಂದೇ ಉತ್ತರವಿಲ್ಲ. ಬಾದಾಮಿಯ ಕಂದು ಸಿಪ್ಪೆ ಒಳಗೆ ಏನಾಗುತ್ತಿದೆ ಎಂಬುದನ್ನು ಮುಚ್ಚಿಡುತ್ತದೆ. ಕಾಳು ದಪ್ಪ, ಗಟ್ಟಿ. ಎಲ್ಲ ಕಡೆಯಿಂದ ಸಮನಾಗಿ, ಅರ್ಧ ಗಂಟೆಯ ತನಕ ಮಂದವಾದ ಕಾವು ಅದಕ್ಕೆ ಬೇಕು, ಅದು ಓವನ್‌ನ ಕೆಲಸ. ಗೋಡಂಬಿಗೆ ಸಿಪ್ಪೆಯಿಲ್ಲ, ಪಿಷ್ಟ ಮತ್ತು ಸಕ್ಕರೆಯ ಅಂಶ ಇರುವುದರಿಂದ ಬೇಗ ಬಣ್ಣ ತಿರುಗುತ್ತದೆ, ಆದರೆ ಆ ಬಣ್ಣ ಕಣ್ಣೆದುರೇ ಕಾಣುತ್ತದೆ. ಕಾಲು ಕಿಲೋದಷ್ಟು ಗೋಡಂಬಿಯಾದರೆ ನಿಂತು ಕೈಯಾಡಿಸುವ ತಾಳ್ಮೆ ಇದ್ದವರಿಗೆ ಬಾಣಲೆಯೇ ಸಾಕು, ನನ್ನ ಅಭಿಪ್ರಾಯದಲ್ಲಿ ಬಾಣಲೆಯೇ ಒಳ್ಳೆಯದು. ಎರಡನ್ನೂ ಒಟ್ಟಿಗೆ ಹಾಕಿ ಹುರಿಯುವುದನ್ನು ಮಾತ್ರ ಯಾವ ವಿಧಾನದಲ್ಲೂ ಮಾಡಬಾರದು: ಬಾದಾಮಿ ಹದಕ್ಕೆ ಬರುವಷ್ಟರಲ್ಲಿ ಗೋಡಂಬಿ ಕಹಿಯಾಗಿರುತ್ತದೆ.

ಇಲ್ಲಿ ಹೇಳುವುದೆಲ್ಲ ಚಿಪ್ಪು ಬಿಡಿಸಿದ, ಅಂಗಡಿಯಲ್ಲಿ ಸಿಗುವ ಗೋಡಂಬಿಯ ವಿಚಾರ. ತೋಟದಲ್ಲಿ ಬಿದ್ದ ಗೇರುಬೀಜವನ್ನು ಚಿಪ್ಪಿನ ಸಮೇತ ಓವನ್‌ಗಾಗಲಿ ಬಾಣಲೆಗಾಗಲಿ ಹಾಕಲೇಬಾರದು. ಆ ಚಿಪ್ಪಿನೊಳಗಿನ ಸೊನೆ ಚರ್ಮವನ್ನು ಸುಡುತ್ತದೆ, ಅದರ ಹೊಗೆ ಕಣ್ಣಿಗೂ ಗಂಟಲಿಗೂ ಕೆಟ್ಟದ್ದು. ಬೇಸಿಗೆಯಲ್ಲಿ ಅಂಗಳದ ಬೆಂಕಿಯಲ್ಲಿ ಗೇರುಬೀಜ ಸುಡುವುದು ಬೇರೆಯೇ ಕೆಲಸ. ಅದು ಮನೆಯ ಹೊರಗೇ ಇರಲಿ.

ಹುರಿಯುವ ಮೊದಲು

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಳ್ಳಿ, ಊರಿನ ಅಂಗಡಿಯಲ್ಲಿ ಕೊಳ್ಳಿ, ಗೋಡಂಬಿಯನ್ನು ಗಾತ್ರದ ಲೆಕ್ಕದಲ್ಲಿ ಮಾರುತ್ತಾರೆ. 320 ನಂಬರಿನದು ಎಂದರೆ ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಂಗೆ, 300ರಿಂದ 320 ಇಡೀ ಬೀಜಗಳು ತೂಗುತ್ತವೆ ಎಂದು ಅರ್ಥ. 240 ನಂಬರಿನದು ಅದಕ್ಕಿಂತ ದಪ್ಪ. ಹುರಿಯುವವರಿಗೆ ಈ ನಂಬರಿಗಿಂತ ಮುಖ್ಯವಾದದ್ದು ಎಲ್ಲ ಬೀಜಗಳೂ ಒಂದೇ ಅಳತೆಯವಾಗಿರುವುದು. ಇಡೀ ಬೀಜ, ಎರಡಾಗಿ ಸೀಳಿದ ಬೇಳೆ, ಚೂರು, ಈ ಮೂರೂ ಬೆರೆತಿದ್ದರೆ ಚೂರು ಕರಕಲಾಗುವ ಹೊತ್ತಿಗೆ ಇಡೀ ಬೀಜದ ಒಳಭಾಗ ಹಸಿಯಾಗಿಯೇ ಇರುತ್ತದೆ. ಆದ್ದರಿಂದ ಮೊದಲು ಮೊರದಲ್ಲಿ ಹರಡಿ ಇಡೀ ಬೀಜಗಳನ್ನು ಒಂದು ಕಡೆ, ಬೇಳೆಗಳನ್ನು ಒಂದು ಕಡೆ ಹೆಕ್ಕಿಡಬೇಕು. ಚೂರುಗಳನ್ನು ಪಾಯಸಕ್ಕೋ ಉಪ್ಪಿಟ್ಟಿಗೋ ಎತ್ತಿಟ್ಟರಾಯಿತು. ಬಾದಾಮಿಯಲ್ಲಿ ಮುರಿದ ತುಂಡುಗಳನ್ನೂ ಸಿಪ್ಪೆ ಸುಲಿದುಹೋದವನ್ನೂ ಬೇರೆ ಮಾಡಿದರೆ ಸಾಕು.

ಹೆಕ್ಕುವಾಗಲೇ ಒಂದೆರಡು ಕಾಳನ್ನು ಮುರಿದು ಮೂಸಿ ನೋಡಬೇಕು. ಕಮಟು ವಾಸನೆ ಬಂದರೆ, ಅಂದರೆ ಹಳೆಯ ಎಣ್ಣೆಯ ಬಾಟಲಿಯ ಬಾಯಿಯ ವಾಸನೆ ಬಂದರೆ, ಅದನ್ನು ಹುರಿದು ಸರಿಪಡಿಸಲಾಗದು. ಬಾದಾಮಿಯ ತೂಕದಲ್ಲಿ ಅರ್ಧದಷ್ಟು, ಗೋಡಂಬಿಯ ತೂಕದಲ್ಲಿ ಅದಕ್ಕಿಂತ ತುಸು ಕಡಿಮೆ ಕೊಬ್ಬೇ ಇರುತ್ತದೆ. ಆ ಕೊಬ್ಬು ಹಳಸಿದ ಮೇಲೆ ಬಿಸಿ ಮಾಡಿದರೆ ವಾಸನೆ ಇನ್ನೂ ಎದ್ದು ಬರುತ್ತದೆ. ಮುಗ್ಗಲು ಹಿಡಿದ, ಬೂಷ್ಟು ಕಂಡ ಕಾಳನ್ನು ಎರಡನೆಯ ಯೋಚನೆಯಿಲ್ಲದೆ ಎಸೆಯಬೇಕು. ಬರೀ ಮೆತ್ತಗಾಗಿ, ವಾಸನೆ ಸರಿಯಾಗಿದ್ದರೆ ಮಾತ್ರ ಅದು ಥಂಡಿ ಹಿಡಿದದ್ದು; ಅದಕ್ಕೆ ಹುರಿಯುವುದೇ ಪರಿಹಾರ.

ಅಡುಗೆಮನೆಯಲ್ಲಿ ಗ್ರಾಂ ತೋರಿಸುವ ಸಣ್ಣ ತಕ್ಕಡಿ ಇದ್ದರೆ ಹುರಿಯುವ ಮೊದಲೇ ತೂಕ ಬರೆದಿಟ್ಟುಕೊಳ್ಳಿ. ಒಳಗಿನ ತೇವ ಹೋಯಿತೋ ಇಲ್ಲವೋ ಎಂದು ಹೇಳುವ ಅತ್ಯಂತ ನಂಬಿಕೆಯ ಸಾಧನ ಅದು. ಅದರ ಲೆಕ್ಕವನ್ನು ಮುಂದೆ ನೋಡೋಣ.

ಬಾದಾಮಿ: ಓವನ್‌ನಲ್ಲಿ 140 ಡಿಗ್ರಿ

ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 20ರಿಂದ 30 ಲೀಟರಿನ ಓಟಿಜಿ, ಅಥವಾ ಕನ್ವೆಕ್ಷನ್ ಇರುವ ಮೈಕ್ರೋವೇವ್. ಓಟಿಜಿಯಲ್ಲಿ ಮೇಲಿನ ಮತ್ತು ಕೆಳಗಿನ ಎರಡೂ ಸರಳುಗಳು ಕಾಯುವ ಹಾಗೆ ಗುಂಡಿ ತಿರುಗಿಸಿ, 140 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು, ಕನಿಷ್ಠ 15 ನಿಮಿಷ ಖಾಲಿ ಕಾಯಿಸಬೇಕು. ಗುಂಡಿಯ ಮೇಲಿನ ಅಂಕಿಗೂ ಒಳಗಿನ ನಿಜವಾದ ಕಾವಿಗೂ ಇಪ್ಪತ್ತು ಡಿಗ್ರಿಯ ವ್ಯತ್ಯಾಸವಿರುವುದು ಅಪರೂಪವೇನಲ್ಲ. ಒಳಗೆ ನಿಲ್ಲಿಸುವ ಸಣ್ಣ ಓವನ್ ಥರ್ಮಾಮೀಟರ್ ಒಂದನ್ನು ಕೊಂಡರೆ ಈ ಅನುಮಾನ ಶಾಶ್ವತವಾಗಿ ಬಗೆಹರಿಯುತ್ತದೆ. ಫ್ಯಾನ್ ತಿರುಗುವ ಕನ್ವೆಕ್ಷನ್ ಆದರೆ 130 ಸಾಕು, ಏಕೆಂದರೆ ಬೀಸುವ ಬಿಸಿಗಾಳಿ ಕಾವನ್ನು ಕಾಳಿಗೆ ಹೆಚ್ಚು ಚುರುಕಾಗಿ ತಲುಪಿಸುತ್ತದೆ.

ಮಳೆಗಾಲದಲ್ಲಿ ಇಲ್ಲಿನ ಇನ್ನೊಂದು ತೊಡಕು ಕರೆಂಟಿನ ವೋಲ್ಟೇಜು. 230 ಇರಬೇಕಾದದ್ದು 190ಕ್ಕೆ ಇಳಿದರೆ ಸರಳಿನ ಶಕ್ತಿ ಸುಮಾರು ಮೂರರಲ್ಲಿ ಒಂದು ಪಾಲು ಕುಗ್ಗುತ್ತದೆ. ಓವನ್ ಆಗಲೂ 140ಕ್ಕೆ ಏರುತ್ತದೆ, ಆದರೆ ಬಹಳ ಹೊತ್ತು ತೆಗೆದುಕೊಳ್ಳುತ್ತದೆ, ಬಾಗಿಲು ತೆರೆದಾಗ ಕಳೆದುಕೊಂಡ ಕಾವನ್ನು ಮತ್ತೆ ಗಳಿಸಲೂ ತಡಮಾಡುತ್ತದೆ. ಆದ್ದರಿಂದ ದೀಪ ಮಂಕಾಗಿ ಉರಿಯುತ್ತಿರುವ ದಿನ ಕಾಯಿಸುವ ಹೊತ್ತನ್ನು 25 ನಿಮಿಷಕ್ಕೆ ಏರಿಸಿ, ಬಾಗಿಲನ್ನು ಎರಡೇ ಸಲ ತೆರೆಯಿರಿ. ನಡುವೆ ಕರೆಂಟು ಪೂರ್ತಿ ಹೋದರೆ ಗಾಬರಿ ಬೇಡ. ಹತ್ತು ನಿಮಿಷ ಬಾಗಿಲು ಮುಚ್ಚಿಯೇ ಇರಲಿ, ಒಳಗಿನ ಕಾವಿನಲ್ಲಿ ಕೆಲಸ ಸಾಗುತ್ತಿರುತ್ತದೆ. ಅಷ್ಟರಲ್ಲೂ ಬಾರದಿದ್ದರೆ ಬಾಣಲೆಗೆ ಸುರಿದು ಸಣ್ಣ ಉರಿಯಲ್ಲಿ ಮುಗಿಸಬಹುದು.

ತಟ್ಟೆಯಲ್ಲಿ ಬಾದಾಮಿ ಒಂದೇ ಪದರವಾಗಿ ಹರಡಿರಬೇಕು. 33 ಸೆಂಟಿಮೀಟರ್ ಉದ್ದ, 24 ಅಗಲದ ಸಾಧಾರಣ ಓಟಿಜಿ ತಟ್ಟೆಗೆ 300 ಗ್ರಾಂ ಮೀರಿ ಹಾಕಬಾರದು; ಸಾಧಾರಣ ಗಾತ್ರದ ಬಾದಾಮಿಯಾದರೆ ಅದು ಸುಮಾರು 250 ಕಾಳು. ಅರ್ಧ ಕಿಲೋವನ್ನು ಒಮ್ಮೆಗೇ ತುಂಬಿದರೆ ಕೆಳಗಿನ ಕಾಳಿನಿಂದ ಎದ್ದ ತೇವ ಮೇಲಿನ ಕಾಳಿನ ನಡುವೆ ಸಿಕ್ಕಿಕೊಂಡು, ಹುರಿಯುವ ಬದಲು ಬೇಯಿಸಿದಂತಾಗುತ್ತದೆ. ತಟ್ಟೆ ನಡುವಿನ ಮೆಟ್ಟಿಲಿನಲ್ಲಿರಲಿ. ಸಣ್ಣ ಓವನ್‌ಗಳಲ್ಲಿ ಸರಳು ತೀರ ಹತ್ತಿರವಿರುವುದರಿಂದ ಮೇಲಿನ ಮೆಟ್ಟಿಲಿನಲ್ಲಿಟ್ಟರೆ ಸಿಪ್ಪೆ ಸುಡುತ್ತದೆ, ಕೆಳಗಿನದರಲ್ಲಿಟ್ಟರೆ ತಟ್ಟೆಗೆ ತಾಗಿದ ಪಕ್ಕ ಕಪ್ಪಾಗುತ್ತದೆ.

ಹನ್ನೆರಡು ನಿಮಿಷಕ್ಕೆ ಒಮ್ಮೆ ತಟ್ಟೆ ಹೊರತೆಗೆದು, ಅಂಚಿನವನ್ನು ನಡುವಿಗೆ, ನಡುವಿನವನ್ನು ಅಂಚಿಗೆ ಸಟ್ಟುಗದಿಂದ ಸರಿಸಿ, ತಟ್ಟೆಯ ಹಿಂಬದಿ ಬಾಗಿಲ ಕಡೆ ಬರುವಂತೆ ತಿರುಗಿಸಿ ಮತ್ತೆ ಇಡಬೇಕು. ಇಪ್ಪತ್ತೆರಡನೆಯ ನಿಮಿಷಕ್ಕೆ ಒಂದು ಕಾಳನ್ನು ತೆಗೆದು ಚಾಕುವಿನಿಂದ ಅಡ್ಡ ಕತ್ತರಿಸಿ ನೋಡಿ. ಸಿಪ್ಪೆಯ ಬಣ್ಣ ಏನನ್ನೂ ಹೇಳುವುದಿಲ್ಲ, ಒಳಗಿನ ಬಣ್ಣವೇ ಹೇಳಬೇಕು. ಹಸಿ ಬಾದಾಮಿಯ ಒಳಭಾಗ ಹಾಲಿನಂತೆ ಬಿಳಿ. ಅರ್ಧ ಹುರಿದಾಗ ಅಂಚಿನ ಸುತ್ತ ಕೆನೆಯ ಬಣ್ಣದ ಒಂದು ಉಂಗುರ ಕಾಣುತ್ತದೆ, ನಡುವೆ ಬಿಳಿ ಉಳಿದಿರುತ್ತದೆ. ಉಂಗುರ ಮಾಯವಾಗಿ, ನಡುಭಾಗವೂ ಸೇರಿ ಇಡೀ ಕಾಳು ತೆಳು ಗೋಧಿಬಣ್ಣಕ್ಕೆ ಬಂದಾಗ ತಟ್ಟೆಯನ್ನು ಹೊರತೆಗೆಯಬೇಕು. ಸಾಮಾನ್ಯವಾಗಿ ಅದು 25ರಿಂದ 30 ನಿಮಿಷದ ಒಳಗೆ ಆಗುತ್ತದೆ. ಕೊನೆಯ ಕೆಲವು ನಿಮಿಷಗಳಲ್ಲಿ ಸಿಪ್ಪೆ ಸೀಳುವ ಸಣ್ಣ ಚಟಚಟ ಸದ್ದು ಕೇಳಿಸಿದರೆ ಬಾಗಿಲ ಬಳಿಯಿಂದ ಕದಲಬೇಡಿ. ನಡುಭಾಗ ಇಟ್ಟಿಗೆಯ ಕಂದಿಗೆ ತಿರುಗಿದರೆ ಕಹಿ ಶುರುವಾಗಿದೆ. ಬಾದಾಮಿಯಲ್ಲಿ ಆಸ್ಪರಾಜಿನ್ ಎಂಬ ಅಮೈನೋ ಆಮ್ಲ ಸ್ವಲ್ಪ ಹೆಚ್ಚಾಗಿಯೇ ಇರುವುದರಿಂದ, ಹೆಚ್ಚು ಕಾವಿನಲ್ಲಿ ಕಡುಬಣ್ಣಕ್ಕೆ ಹುರಿದಷ್ಟೂ ಅಕ್ರಿಲಮೈಡ್ ಎಂಬ ಬೇಡದ ವಸ್ತು ಹೆಚ್ಚಾಗುತ್ತದೆ ಎನ್ನುವುದು ಮಂದ ಕಾವನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣ.

170, 180 ಡಿಗ್ರಿಯಲ್ಲಿ ಹತ್ತೇ ನಿಮಿಷಕ್ಕೆ ಮುಗಿಸುವ ಕ್ರಮವೂ ಇದೆ. ಆ ದಿನವೇ ತಿಂದು ಮುಗಿಸುವುದಾದರೆ ಅದು ತಪ್ಪೇನಲ್ಲ. ಡಬ್ಬಿಯಲ್ಲಿ ಇಡುವುದಾದರೆ ಮಾತ್ರ ಬೇಡ: ಕತ್ತರಿಸಿದರೆ ಹೊರಗೆ ಕಂದು ಉಂಗುರ, ಒಳಗೆ ಬಿಳಿ ತಿರುಳು ಕಾಣುತ್ತದೆ. ಆ ತಿರುಳಿನ ತೇವ ಎರಡು ದಿನದಲ್ಲಿ ಕಾಳಿನ ತುಂಬ ಹರಡಿ, ಗರಿಯಾಗಿದ್ದ ಹೊರಭಾಗವನ್ನೂ ಮೆತ್ತಗೆ ಮಾಡುತ್ತದೆ. ಹೊರಗಿನ ಗಾಳಿ ತಾಗದ ಗಾಜಿನ ಬಾಟಲಿಯಲ್ಲಿಟ್ಟರೂ ಮೆತ್ತಗಾಯಿತಲ್ಲ ಎಂದು ಬಾಟಲಿಯನ್ನು ದೂರುವವರು ಹೆಚ್ಚಾಗಿ ಇದೇ ಕ್ರಮದವರು.

ಗೋಡಂಬಿ: ಬಾಣಲೆಯಲ್ಲಿ ಸಣ್ಣ ಉರಿ

ಗೋಡಂಬಿಯ ಆಕಾರವೇ ಬಾಣಲೆಗೆ ಸವಾಲು. ಬಾಗಿದ ಬೀಜ ತಳದ ಮೇಲೆ ಒಂದೆರಡು ಕಡೆ ಮಾತ್ರ ತಾಗುತ್ತದೆ, ಆ ಜಾಗಕ್ಕೆ ಎಲ್ಲ ಕಾವೂ ಹೋಗುತ್ತದೆ. ಅದಕ್ಕಾಗಿಯೇ ಬಾಣಲೆಯಲ್ಲಿ ಹುರಿದ ಗೋಡಂಬಿಯ ಬೆನ್ನಿನ ಮೇಲೆ ಕಂದು ಚುಕ್ಕೆ ಮೊದಲು ಬರುತ್ತದೆ, ಹೊಟ್ಟೆಯ ಒಳಬಾಗು ಬಿಳಿಯಾಗಿ ಉಳಿಯುತ್ತದೆ. ಇದನ್ನು ತಪ್ಪಿಸುವುದು ಎರಡು ವಿಷಯ: ದಪ್ಪ ತಳ ಮತ್ತು ಬಿಡದೆ ಆಡುವ ಕೈ. ತೆಳು ಅಲ್ಯೂಮಿನಿಯಂ ಪಾತ್ರೆಯ ತಳದಲ್ಲಿ ಉರಿ ತಾಗುವ ಜಾಗ ಮಾತ್ರ ಕಾಯುತ್ತದೆ. ಕಬ್ಬಿಣದ ಬಾಣಲೆ ಅಥವಾ ದಪ್ಪ ತಳದ ಅಗಲವಾದ ಪಾತ್ರೆಯಲ್ಲಿ ಕಾವು ಹರಡಿಕೊಳ್ಳುತ್ತದೆ. ಗುಂಡು ತಳಕ್ಕಿಂತ ಚಪ್ಪಟೆ ತಳ ಮೇಲು, ಏಕೆಂದರೆ ಗುಂಡು ತಳದಲ್ಲಿ ಬೀಜಗಳೆಲ್ಲ ಅತಿ ಬಿಸಿಯಾದ ನಡುವಿಗೇ ಜಾರಿ ಸೇರುತ್ತವೆ. ಒಗ್ಗರಣೆಗೆ ಬಳಸುವ ಬಾಣಲೆಯಾದರೆ ಮೊದಲು ಚೆನ್ನಾಗಿ ತೊಳೆದು ಒಣಗಿಸಿ. ಬೆಳ್ಳುಳ್ಳಿಯ ವಾಸನೆಯನ್ನು ಗೋಡಂಬಿ ಮರೆಯದೆ ಹಿಡಿದುಕೊಳ್ಳುತ್ತದೆ.

ಅತಿ ಸಣ್ಣ ಬರ್ನರ್ ಮೇಲೆ, ಉರಿಯನ್ನು ಸಿಮ್‌ಗೆ ಇಳಿಸಿ, ಬಾಣಲೆಯನ್ನು ಮೂರು ನಾಲ್ಕು ನಿಮಿಷ ಕಾಯಿಸಿ. ಕಾವು ಸರಿಯಿದೆಯೇ ಎಂದು ತಿಳಿಯಲು ಒಂದು ಹನಿ ನೀರು ಚಿಮುಕಿಸಿ ನೋಡಬಹುದು. ಹನಿ ಬಿದ್ದಲ್ಲೇ ಹರಡಿ ಚುಂಯ್ ಎಂದು ಆರಿಹೋದರೆ ಸರಿ. ಅದು ಮುತ್ತಿನಂತೆ ಗುಂಡಾಗಿ ಬಾಣಲೆಯ ಮೇಲೆ ಓಡಾಡಿದರೆ ತಳ ಗೋಡಂಬಿ ತಾಳಲಾರದಷ್ಟು ಕಾದಿದೆ, ಉರಿ ಆರಿಸಿ ಸ್ವಲ್ಪ ಕಾಯಬೇಕು. ನೀರಿನ ಗುರುತನ್ನು ಒಣ ಬಟ್ಟೆಯಿಂದ ಒರೆಸಿ 250 ಗ್ರಾಂ ಗೋಡಂಬಿ ಹಾಕಿ. ಎಣ್ಣೆ, ತುಪ್ಪ ಏನೂ ಬೇಡ. ಪಾಯಸಕ್ಕೆ ತುಪ್ಪದಲ್ಲಿ ಹುರಿಯುವಾಗ ಬೇಕಾದದ್ದು ಬಣ್ಣ ಮತ್ತು ಘಮ ಮಾತ್ರ. ಹೇಗೂ ಹಾಲಿನಲ್ಲಿ ನೆನೆಯುವ ಬೀಜಕ್ಕೆ ಗರಿಗರಿತನದ ಹಂಗಿಲ್ಲ. ಇಟ್ಟು ತಿನ್ನುವುದಕ್ಕೆ ಒಣ ಹುರಿಯೇ ಒಳ್ಳೆಯದು.

ಕೈಯಾಡಿಸುವುದೆಂದರೆ ಸುತ್ತ ತಿರುಗಿಸುವುದಲ್ಲ. ಸಟ್ಟುಗವನ್ನು ತಳದವರೆಗೆ ತೂರಿಸಿ, ಕೆಳಗಿನ ಬೀಜಗಳನ್ನು ಎತ್ತಿ ಮಗುಚಬೇಕು. ಸುತ್ತ ತಿರುಗಿಸಿದರೆ ಬೀಜಗಳು ಅದೇ ಬೆನ್ನಿನ ಮೇಲೆ ಜಾರುತ್ತಾ ಹೋಗುತ್ತವೆ. ಮೊದಲ ಐದು ನಿಮಿಷ ಕಣ್ಣಿಗೆ ಏನೂ ಆಗುವುದಿಲ್ಲ, ಆಗಲೂಬಾರದು. ಈ ಹೊತ್ತಿನಲ್ಲಿ ಬೇಸರಗೊಂಡು ಉರಿ ಏರಿಸುವುದರಿಂದಲೇ ಹೆಚ್ಚಿನ ಬಾಣಲೆಗಳು ಹಾಳಾಗುತ್ತವೆ. ಐದನೆಯ ನಿಮಿಷಕ್ಕೆ ಬೀಜ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಿರುತ್ತದೆ. ಆಗ ಬಾಣಲೆಯನ್ನು ಒಲೆಯಿಂದ ಕೆಳಗಿಳಿಸಿ, ಕೈ ನಿಲ್ಲಿಸದೆ ಅರ್ಧ ನಿಮಿಷ ಮಗುಚಿ, ಮತ್ತೆ ಒಲೆಗೇರಿಸಿ. ಹೀಗೆ ಎರಡು ಮೂರು ನಿಮಿಷಕ್ಕೊಮ್ಮೆ ಇಳಿಸಿ ಏರಿಸುತ್ತಿದ್ದರೆ ಮೇಲ್ಮೈ ಸುಡದೆ, ಅದರಲ್ಲಿರುವ ಕಾವು ಒಳಕ್ಕೆ ಇಳಿಯಲು ಸಮಯ ಸಿಗುತ್ತದೆ. ಓವನ್ ತಾನಾಗಿಯೇ ಮಾಡುವ ಕೆಲಸವನ್ನು ಬಾಣಲೆಯಲ್ಲಿ ಕೈ ಮಾಡಬೇಕಾಗುತ್ತದೆ ಅಷ್ಟೆ.

ಹತ್ತು ನಿಮಿಷದ ಸುಮಾರಿಗೆ ಬೀಜದ ಎರಡು ತುದಿಗಳಲ್ಲಿ ತೆಳು ಹೊಂಬಣ್ಣ ಕಾಣಿಸುತ್ತದೆ. ಸಟ್ಟುಗ ಆಡಿಸುವಾಗಿನ ಸದ್ದೂ ಬದಲಾಗುತ್ತದೆ: ಹಸಿ ಬೀಜದ ಮಂದ ಸದ್ದು ಹೋಗಿ, ಬಾಣಲೆಗೆ ತಾಗಿದಾಗ ಟಕಟಕ ಎನ್ನುವ ಹಗುರ ಸದ್ದು ಬರುತ್ತದೆ. ಬೆನ್ನಿಗೆಲ್ಲ ಬಣ್ಣ ಹರಡಿ, ಒಳಬಾಗು ಇನ್ನೂ ಕೆನೆಯ ಬಣ್ಣದಲ್ಲಿರುವಾಗಲೇ, ಹನ್ನೆರಡರಿಂದ ಹದಿನೈದು ನಿಮಿಷದೊಳಗೆ, ಇಳಿಸಿ ಬೇರೆ ತಟ್ಟೆಗೆ ಸುರಿಯಬೇಕು. ನಿಮಗೆ ಬೇಕಾದ ಬಣ್ಣಕ್ಕಿಂತ ಒಂದು ಛಾಯೆ ಹಿಂದೆಯೇ ನಿಲ್ಲಿಸಿದರೆ ಲೆಕ್ಕ ಸರಿಯಾಗುತ್ತದೆ, ಉಳಿದದ್ದನ್ನು ಒಳಗಿನ ಕಾವು ಮುಗಿಸುತ್ತದೆ. ಬಾಣಲೆಯಲ್ಲೇ ಬಿಟ್ಟು ಒಲೆ ಆರಿಸಿದರೆ ಸಾಲದು: ಕಬ್ಬಿಣದ ಬಾಣಲೆ ಹತ್ತು ನಿಮಿಷ ಬಿಸಿಯಾಗಿಯೇ ಇದ್ದು, ಅಷ್ಟರಲ್ಲಿ ತಳದ ಸಾಲನ್ನು ಕಪ್ಪು ಮಾಡಿರುತ್ತದೆ.

ಅದಲು ಬದಲು ಮಾಡಬೇಕಾದಾಗ

ಹಬ್ಬಕ್ಕೋ ಮದುವೆಗೋ ಎರಡು ಮೂರು ಕಿಲೋ ಗೋಡಂಬಿ ಹುರಿಯಬೇಕಾದರೆ ಬಾಣಲೆಯ ಮುಂದೆ ನಿಲ್ಲುವುದು ಶಿಕ್ಷೆ, ಓವನ್‌ಗೇ ಹಾಕಿ. ಅದೇ 140 ಡಿಗ್ರಿ, ಇಡೀ ಬೀಜಕ್ಕೆ 15ರಿಂದ 18 ನಿಮಿಷ, ಬೇಳೆಗೆ 11ರಿಂದ 13. ಎಂಟನೆಯ ನಿಮಿಷಕ್ಕೆ ಮಗುಚಿ, ಆಮೇಲೆ ಮೂರು ನಿಮಿಷಕ್ಕೊಮ್ಮೆ ಗಾಜಿನ ಬಾಗಿಲಿನಿಂದ ನೋಡುತ್ತಿರಬೇಕು. ಓವನ್ ಇಲ್ಲದ ಮನೆಯಲ್ಲಿ ಬಾದಾಮಿಯನ್ನು ಬಾಣಲೆಯಲ್ಲಿ ಹುರಿಯುವುದಾದರೆ ಒಮ್ಮೆಗೆ 150 ಗ್ರಾಂ ಮಾತ್ರ ಹಾಕಿ, ಸಿಮ್‌ನಲ್ಲಿ ಹತ್ತು ನಿಮಿಷ ಹುರಿದು, ತಟ್ಟೆಗೆ ಸುರಿದು ಐದು ನಿಮಿಷ ಬಿಟ್ಟು, ಮತ್ತೆ ಎಂಟು ಹತ್ತು ನಿಮಿಷ ಹುರಿಯಬೇಕು. ನಡುವಿನ ಆ ಬಿಡುವಿನಲ್ಲಿ ಹೊರಗಿನ ಕಾವು ಒಳಗೆ ಸೇರುತ್ತದೆ, ಒಳಗಿನ ತೇವ ಹೊರಕ್ಕೆ ಸರಿಯುತ್ತದೆ. ಬೇಗ ಆಗಲಿ ಎಂದು ಮುಚ್ಚಳ ಮುಚ್ಚಿದರೆ ಆವಿ ಅಲ್ಲೇ ನಿಂತು ಎಲ್ಲ ಶ್ರಮವೂ ವ್ಯರ್ಥ. ರಾತ್ರಿ ನೆನೆಸಿದ ಬಾದಾಮಿಯನ್ನು ನೇರವಾಗಿ ಹುರಿಯಲು ಹೋಗದಿರಿ. ಅದನ್ನು ಮೊದಲು ಒಣಗಿಸಬೇಕು, ಮಳೆಗಾಲದಲ್ಲಿ ಅದು ಹೊರಗೆ ಆಗದ ಮಾತು.

ಆರಲು ಬಿಡುವುದು, ಆದರೆ ಅತಿಯಾಗಿ ಅಲ್ಲ

ಒಲೆಯಿಂದ ಇಳಿಸಿದ ಕಾಳನ್ನು ಬಾಯಿಗೆ ಹಾಕಿಕೊಂಡರೆ ಅದು ಮೆತ್ತಗೇ ಇರುತ್ತದೆ. ಬಿಸಿಯಾಗಿರುವಾಗ ಕಾಳಿನ ಒಡಲು ಸಡಿಲವಾಗಿರುತ್ತದೆ, ಉಳಿದ ಆವಿ ಇನ್ನೂ ಹೊರಬರುತ್ತಿರುತ್ತದೆ. ಆರುತ್ತಾ ಹೋದಂತೆ ಒಡಲು ಬಿಗಿಯಾಗಿ, ಕಚ್ಚಿದರೆ ಫಟ್ಟನೆ ಮುರಿಯುವ ಹದ ಬರುತ್ತದೆ. ಇದು ಗೊತ್ತಿಲ್ಲದವರು ಬಿಸಿ ಕಾಳನ್ನು ರುಚಿ ನೋಡಿ, ಇನ್ನೂ ಆಗಿಲ್ಲ ಎಂದು ಮತ್ತೆ ಒಲೆಗಿಟ್ಟು ಸುಡುತ್ತಾರೆ. ಹದ ನೋಡಬೇಕೆಂದರೆ ಎರಡು ಕಾಳನ್ನು ತಣ್ಣನೆಯ ಸ್ಟೀಲ್ ತಟ್ಟೆಯ ಮೇಲಿಟ್ಟು, ಮೂರು ನಿಮಿಷ ಬಿಟ್ಟು ಕಚ್ಚಿ ನೋಡಬೇಕು. ಅಷ್ಟು ಹೊತ್ತೂ ಉಳಿದವು ಒಲೆಯಿಂದ ಹೊರಗಿರಲಿ. ಕಡಿಮೆ ಹುರಿದಿದ್ದರೆ ಮತ್ತೆ ಹುರಿಯಬಹುದು.

ಆರಲು ಹಾಕುವ ತಟ್ಟೆ ಅಗಲವಾಗಿರಬೇಕು, ಕಾಳು ರಾಶಿಯಾಗಬಾರದು. ರಾಶಿಯ ಒಳಗಿನ ಕಾಳುಗಳು ಒಂದಕ್ಕೊಂದು ಕಾವು ಕೊಡುತ್ತಾ ಬೇಯುತ್ತಲೇ ಇರುತ್ತವೆ. ಸ್ಟೀಲ್ ಜಾಲರಿ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು, ಕೆಳಗಿನಿಂದಲೂ ಗಾಳಿಯಾಡುತ್ತದೆ. ಮೊರವೂ ನಡೆಯುತ್ತದೆ, ಆದರೆ ಆಷಾಢದಲ್ಲಿ ಮೊರವೇ ತೇವ ಹಿಡಿದಿರುವುದರಿಂದ ಅದನ್ನು ಮೊದಲು ಒಲೆಯ ಪಕ್ಕದಲ್ಲಿ ಬೆಚ್ಚಗೆ ಮಾಡಿಕೊಳ್ಳಬೇಕು. ಶಾಯಿ ಅಂಟುವ ಹಳೆಯ ಪತ್ರಿಕೆಯ ಮೇಲೆ ಹಾಕುವುದು ಬೇಡ.

ಬಯಲುಸೀಮೆಯವರು ಬರೆದ ಕ್ರಮಗಳಲ್ಲಿ ಒಂದೆರಡು ಗಂಟೆ ತೆರೆದಿಟ್ಟು ಪೂರ್ತಿ ತಣಿಸಿ ಎಂದಿರುತ್ತದೆ. ಅದು ನಮ್ಮಲ್ಲಿ ಮಾರ್ಚ್ ತಿಂಗಳಿಗೆ ಹೊಂದುತ್ತದೆ, ಜುಲೈಗೆ ಅಲ್ಲ. ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುವ ಆಗುಂಬೆಯ ಸುತ್ತಿನಲ್ಲಿ, ಜಡಿಮಳೆಯ ದಿನ ಗಾಳಿಯೇ ಒದ್ದೆ. ಬಿಸಿಯಾಗಿರುವ ತನಕ ಕಾಳು ತೇವವನ್ನು ಹೊರಹಾಕುತ್ತಿರುತ್ತದೆ. ಕೋಣೆಯ ಬಿಸಿಗೆ ಇಳಿದ ಕ್ಷಣದಿಂದ ಅದೇ ಕಾಳು ಗಾಳಿಯಿಂದ ತೇವ ಎಳೆಯತೊಡಗುತ್ತದೆ. ಮೊದಲೇ ಡಬ್ಬಿಗೆ ಹಾಕಿದರೆ ಆವಿ ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ, ತಡವಾಗಿ ಹಾಕಿದರೆ ಗಾಳಿ ಮೆತ್ತಗೆ ಮಾಡುತ್ತದೆ. ಇವೆರಡರ ನಡುವಿನ ಹೊತ್ತು ಫ್ಯಾನಿನ ಕೆಳಗೆ ಒಂದೇ ಪದರವಾಗಿ ಹರಡಿದಾಗ ಸುಮಾರು 25ರಿಂದ 35 ನಿಮಿಷ. ಮುಂಗೈ ಹಿಂಬದಿಯನ್ನು ಕಾಳಿಗೆ ತಾಗಿಸಿದಾಗ ಬೆಚ್ಚಗೂ ಅಲ್ಲ, ತಣ್ಣಗೂ ಅಲ್ಲ ಎನಿಸಿದರೆ ಆಗಲೇ ಡಬ್ಬಿಗೆ ಸೇರಿಸಿ. ಅನುಮಾನವಿದ್ದರೆ ಒಂದು ಹಿಡಿಯನ್ನು ಗಾಜಿನ ಲೋಟಕ್ಕೆ ಹಾಕಿ ಮೇಲೆ ತಟ್ಟೆ ಮುಚ್ಚಿ ಐದು ನಿಮಿಷ ಬಿಡಿ. ಗಾಜಿನ ಮೇಲೆ ಮಬ್ಬು ಕಾಣದಿದ್ದರೆ ಕಾಳು ಸಿದ್ಧವಾಗಿದೆ.

ಒಂದು ಮಧ್ಯಾಹ್ನದ ಲೆಕ್ಕ

ತೀರ್ಥಹಳ್ಳಿಯ ಒಂದು ಮನೆಯಲ್ಲಿ, ಹೊರಗೆ ಮಳೆ ಸುರಿಯುತ್ತಿರುವ ಮಧ್ಯಾಹ್ನ, 300 ಗ್ರಾಂ ಬಾದಾಮಿ, 250 ಗ್ರಾಂ ಗೋಡಂಬಿ ಹುರಿಯಬೇಕು ಎಂದಿಟ್ಟುಕೊಳ್ಳೋಣ. ಎರಡೂ ಥಂಡಿ ಹಿಡಿದಿವೆ, ವಾಸನೆ ಚೆನ್ನಾಗಿದೆ. ಮೂರು ಗಂಟೆಗೆ ಓವನ್ ಹಾಕಿ, ಅದು ಕಾಯುವಷ್ಟರಲ್ಲಿ ಗೋಡಂಬಿಯನ್ನು ಹೆಕ್ಕಿ ಮುಗಿಸಬಹುದು. ಮೂರೂ ಕಾಲಿಗೆ ಬಾದಾಮಿಯ ತಟ್ಟೆ ಒಳಗೆ ಹೋಗುತ್ತದೆ. 3:27ಕ್ಕೆ ಒಮ್ಮೆ ಮಗುಚಿ, 3:38ಕ್ಕೆ ಒಂದು ಕಾಳು ಕತ್ತರಿಸಿದರೆ ನಡುವೆ ಬಿಳಿ ಚುಕ್ಕೆ ಉಳಿದಿದೆ. ಇನ್ನೈದು ನಿಮಿಷ ಬಿಟ್ಟು ಮತ್ತೊಂದನ್ನು ಕತ್ತರಿಸಿದರೆ ಚುಕ್ಕೆಯಿಲ್ಲ. ಹೊರತೆಗೆದು ಜಾಲರಿಯ ಮೇಲೆ ಹರಡಬೇಕು. ಬಾದಾಮಿ ಒಳಗಿರುವಾಗಲೇ ಗೋಡಂಬಿಯನ್ನೂ ಒಲೆಗೇರಿಸುವ ಆಸೆಯಾಗುತ್ತದೆ, ಬೇಡ. ಬಾದಾಮಿ ಮಗುಚಲು ತಿರುಗಿದ ಒಂದೇ ನಿಮಿಷದಲ್ಲಿ ಗೋಡಂಬಿಯ ಬೆನ್ನು ಕಪ್ಪಾಗುತ್ತದೆ. ಬಾದಾಮಿ ಆರುತ್ತಿರುವಾಗ, 3:50ಕ್ಕೆ ಬಾಣಲೆ ಶುರುಮಾಡಿದರೆ ನಾಲ್ಕೂ ಐದರ ಸುಮಾರಿಗೆ ಅದೂ ತಟ್ಟೆಗೆ ಬರುತ್ತದೆ.

ಈಗ ತಕ್ಕಡಿ. ಅಂಗಡಿಯ ಒಣ ಕಾಳಿನಲ್ಲಿ ನೂರಕ್ಕೆ ಸುಮಾರು ಐದು ಪಾಲು ನೀರಿರುತ್ತದೆ, ಥಂಡಿ ಹಿಡಿದದ್ದರಲ್ಲಿ ಇನ್ನೂ ಒಂದೆರಡು ಪಾಲು ಹೆಚ್ಚು. ಗರಿಗರಿಯಾಗಲು ಅದು ಎರಡು ಪಾಲಿಗೆ ಅಥವಾ ಅದಕ್ಕೂ ಕೆಳಗೆ ಇಳಿಯಬೇಕು. ಆದ್ದರಿಂದ 300 ಗ್ರಾಂ ಬಾದಾಮಿ ಹುರಿದ ಮೇಲೆ 285ರಿಂದ 288 ಗ್ರಾಂ ತೂಗಿದರೆ ಕೆಲಸ ಆಗಿದೆ. 295 ತೂಗಿದರೆ, ಬಣ್ಣ ಎಷ್ಟೇ ಚೆನ್ನಾಗಿರಲಿ, ಒಳಗೆ ನೀರು ಉಳಿದಿದೆ; 120 ಡಿಗ್ರಿಗೆ ಇಳಿಸಿ ಎಂಟು ನಿಮಿಷ ಮತ್ತೆ ಇಡಬೇಕು. ಆ ಕಾವಿನಲ್ಲಿ ಬಣ್ಣ ಹೆಚ್ಚು ಏರದೆ ತೇವ ಮಾತ್ರ ಹೋಗುತ್ತದೆ. ಗೋಡಂಬಿಯ 250 ಗ್ರಾಂ 237ರಿಂದ 240ಕ್ಕೆ ಬರಬೇಕು. ಥಂಡಿ ಹಿಡಿಯದ ಬೇಸಿಗೆಯ ಕಾಳಾದರೆ ಇಷ್ಟು ತೂಕ ಇಳಿಯುವುದಿಲ್ಲ, ನೂರಕ್ಕೆ ಮೂರು ಪಾಲು ಇಳಿದರೆ ಸಾಕು.

ಉಪ್ಪು, ಡಬ್ಬಿ

ಉಪ್ಪು ಖಾರ ಹಾಕಿದ ಬಾದಾಮಿ ಎಲ್ಲರಿಗೂ ಇಷ್ಟ. ಒಣ ಕಾಳಿಗೆ ಉಪ್ಪು ಅಂಟುವುದಿಲ್ಲ. 300 ಗ್ರಾಂಗೆ ಒಂದು ಚಮಚ ಪುಡಿ ಉಪ್ಪನ್ನು ಎರಡು ದೊಡ್ಡ ಚಮಚ ಬಿಸಿನೀರಿನಲ್ಲಿ ಕರಗಿಸಿ, ಹುರಿಯುವ ಮೊದಲು ಕಾಳಿಗೆ ಹಚ್ಚಿ, ಓವನ್‌ನಲ್ಲಿ ಐದಾರು ನಿಮಿಷ ಹೆಚ್ಚು ಬಿಟ್ಟರೆ ಮೇಲೆ ಬಿಳಿಯ ತೆಳು ಪದರ ಕಟ್ಟುತ್ತದೆ. ಆದರೆ ಇದು ಬೇಸಿಗೆಯ ಕೆಲಸ. ಗಾಳಿಯ ತೇವಾಂಶ ಸುಮಾರು 75 ಶೇಕಡ ಮೀರಿದರೆ ಉಪ್ಪು ತಾನೇ ನೀರು ಎಳೆದು ಕರಗತೊಡಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಗಾಳಿ ದಿನಗಟ್ಟಲೆ ಅದಕ್ಕಿಂತ ಮೇಲೆಯೇ ಇರುತ್ತದೆ. ಉಪ್ಪಿನ ಜಾಡಿ ಒದ್ದೆಯಾಗುವ ಕಾಲದಲ್ಲಿ ಉಪ್ಪು ಹಚ್ಚಿದ ಕಾಳನ್ನು ತೆರೆದ ಡಬ್ಬಿಯಲ್ಲಿಟ್ಟರೆ ಅದು ಹಚ್ಚದ ಕಾಳಿಗಿಂತ ಬೇಗ ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಸಪ್ಪೆಯಾಗಿಯೇ ಹುರಿದಿಟ್ಟು, ತಿನ್ನುವಾಗ ಒಂದು ಹನಿ ತುಪ್ಪ ಸವರಿ ಉಪ್ಪು, ಮೆಣಸಿನ ಪುಡಿ ಉದುರಿಸಿಕೊಳ್ಳುವುದು ಜಾಣತನ.

ಸ್ಟೀಲ್ ಡಬ್ಬಿಗಳ ಮುಚ್ಚಳ ಹೆಚ್ಚಾಗಿ ಗಾಳಿ ತಡೆಯುವುದಿಲ್ಲ. ರಬ್ಬರ್ ಉಂಗುರವಿರುವ, ತಿರುಪಿನ ಮುಚ್ಚಳದ ಗಾಜಿನ ಬಾಟಲಿಗಳಲ್ಲಿ, ಒಂದು ದೊಡ್ಡದರ ಬದಲು ಮೂರು ನಾಲ್ಕು ಸಣ್ಣವುಗಳಲ್ಲಿ ತುಂಬಿ, ಒಂದು ಮುಗಿಯುವ ತನಕ ಇನ್ನೊಂದನ್ನು ತೆರೆಯದಿದ್ದರೆ ಎರಡು ಮೂರು ವಾರ ಗರಿಗರಿಯಾಗಿಯೇ ಇರುತ್ತವೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಸೌದೆ ಒಲೆಯ ಮನೆಯಲ್ಲಿ ಹೊಗೆಯ ವಾಸನೆ ಹಿಡಿಯುತ್ತದೆ. ಕಾವು ಕೊಬ್ಬನ್ನೂ ಬೇಗ ಕಮಟು ಮಾಡುತ್ತದೆ. ಫ್ರಿಜ್‌ನಲ್ಲಿ ಇಡುವವರು ಹೊರತೆಗೆದ ಬಾಟಲಿಯನ್ನು ಅರ್ಧ ಗಂಟೆ ಹಾಗೆಯೇ ಬಿಟ್ಟು, ಹೊರಗಿನ ಹನಿಗಳನ್ನು ಒರೆಸಿ, ಆಮೇಲೆ ಮುಚ್ಚಳ ತೆರೆಯಬೇಕು. ತಣ್ಣನೆಯ ಬಾಟಲಿಯನ್ನು ತಕ್ಷಣ ತೆರೆದರೆ ಒದ್ದೆ ಗಾಳಿ ಒಳಹೊಕ್ಕು ಕಾಳಿನ ಮೇಲೆಯೇ ಬೆವರುತ್ತದೆ. ಅಷ್ಟಾಗಿಯೂ ಮೆತ್ತಗಾದರೆ, ಬಣ್ಣ ಈಗಾಗಲೇ ಇರುವುದರಿಂದ ಮತ್ತೆ 140ಕ್ಕೆ ಹೋಗದೆ, 120 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ, ಅಥವಾ ಸಿಮ್‌ನಲ್ಲಿಟ್ಟ ಬಾಣಲೆಯಲ್ಲಿ ಐದು ನಿಮಿಷ ಬೆಚ್ಚಗೆ ಮಾಡಿ, ಮತ್ತೆ ಅರ್ಧ ಗಂಟೆ ಹರಡಿ ಬಾಟಲಿಗೆ ಹಾಕಬಹುದು. ಹೀಗೆ ಒಂದು ಸಲ ಮಾಡಬಹುದು; ಎರಡನೆಯ ಸಲಕ್ಕೆ ಕಾಳಿನ ಎಣ್ಣೆ ಮೇಲ್ಮೈಗೆ ಬಂದು ರುಚಿ ಕೆಡುವುದರಿಂದ, ಅಂಥದ್ದನ್ನು ಚಟ್ನಿಪುಡಿಗೋ ಬರ್ಫಿಗೋ ಅರೆದು ಮುಗಿಸುವುದೇ ಸರಿ.